ಒಂದೇ ಬೀದಿಯ ಘಟನೆ: ಕಳವು, ಸುಲಿಗೆ, ದರೋಡೆ, ಡಕಾಯಿತಿ (ಸಮಸ್ಯೆ ಮತ್ತು ಉತ್ತರ)

ಸಂಗತಿಗಳು

2025ರ ನವೆಂಬರ್ 14, ಮಧ್ಯಾಹ್ನ 3 ಗಂಟೆ. ಮಾರುಕಟ್ಟೆ ಬೀದಿಯ ನೂಕುನುಗ್ಗಲಲ್ಲಿ ಮಂಜ, ಶಾರದಾ ಅವರ ಕೈಚೀಲದಿಂದ 14,000 ರೂಪಾಯಿಯ ಫೋನನ್ನು ಅವರಿಗೆ ಗೊತ್ತಾಗದಂತೆ ಎಗರಿಸುತ್ತಾನೆ. ಕಿರಣ, ಗಿರಿ, ಲೋಕಿ ಸುತ್ತ ನಿಂತು ಮರೆ ಮಾಡುತ್ತಾರೆ.

3.10ಕ್ಕೆ ಮಂಜ ಒಬ್ಬನೇ ಬಟ್ಟೆ ಅಂಗಡಿಗೆ ಹೋಗಿ, "ಮೂರು ಸಾವಿರ ಕೊಡ್ರೀ, ಇಲ್ದಿದ್ರೆ ನಾಳೆ ರಾತ್ರಿ ಅಂಗಡಿಗೆ ಬೆಂಕಿ ಬೀಳತ್ತೆ" ಎನ್ನುತ್ತಾನೆ. ಮಾಲೀಕ ಬಸಪ್ಪ ಹೆದರಿ ಗಲ್ಲಾದಿಂದ ಹಣ ತೆಗೆದುಕೊಡುತ್ತಾರೆ.

3.20ಕ್ಕೆ ಕಿರಣ, ನವೀನನ ಹೊಟ್ಟೆಗೆ ಚಾಕು ಹಿಡಿದು "ವಾಚ್ ಬಿಚ್ಚೋ" ಎಂದು ಗದರುತ್ತಾನೆ. ಮಂಜ ಮತ್ತು ಗಿರಿ ದಾರಿಗೆ ಅಡ್ಡ ನಿಂತಿದ್ದಾರೆ, ಲೋಕಿ ಪಕ್ಕದಲ್ಲೇ ಬೈಕ್ ಸ್ಟಾರ್ಟ್ ಮಾಡಿಟ್ಟಿದ್ದಾನೆ. ನವೀನ ವಾಚ್ ಬಿಚ್ಚಿಕೊಡುತ್ತಾನೆ.

ಓಡುವ ದಾರಿಯಲ್ಲಿ ಗಿರಿ ಒಬ್ಬನೇ ರೇಖಾ ಅವರ ಕೈಯಿಂದ ಚೀಲ ಕಸಿಯುತ್ತಾನೆ. ಅವರು ಅವನ ಕಾಲರ್ ಹಿಡಿದುಕೊಂಡಾಗ ಚೀಲ ಬಿಸಾಡಿ, ಮೊಣಕೈಯಿಂದ ಮುಖಕ್ಕೆ ಗುದ್ದಿ ಪರಾರಿಯಾಗುತ್ತಾನೆ. ಎರಡು ಕಿಲೋಮೀಟರ್ ದೂರದ ತನ್ನ ಅಂಗಡಿಯಲ್ಲಿದ್ದ ನಾಗ, ಕದ್ದದ್ದೆಂದು ತಿಳಿದೇ ಸಂಜೆ ಫೋನು, ವಾಚು ಕೊಳ್ಳುತ್ತಾನೆ. ಪೊಲೀಸರು ಐವರ ಮೇಲೂ ಡಕಾಯಿತಿ ಆರೋಪ ಹೊರಿಸಿದ್ದಾರೆ.

ಪ್ರಶ್ನೆ: ಭಾರತೀಯ ನ್ಯಾಯ ಸಂಹಿತೆ, 2023ರಡಿ ಯಾರ ಹೊಣೆ ಎಷ್ಟು? ನಾಗ ಬೀದಿಯ ತುದಿಯಲ್ಲಿ ಕಾವಲು ನಿಂತಿದ್ದರೆ?

ಉತ್ತರ

ಇಡೀ ಮಧ್ಯಾಹ್ನವನ್ನು ಒಂದೇ ಅಪರಾಧವೆಂದು ನೋಡಿದರೆ ಉತ್ತರ ಅಲ್ಲಿಗೇ ಕೆಟ್ಟಿತು. ಒಂದೊಂದು ಕೃತ್ಯವನ್ನೂ ಬಿಡಿಸಿ ನೋಡಬೇಕು. ಪತ್ರಿಕೆಗಳಲ್ಲಿ 'ಸುಲಿಗೆ', 'ದರೋಡೆ' ಅದಲುಬದಲಾಗುವುದುಂಟು. ಇಲ್ಲಿ ಬೆದರಿಸಿ ಕೊಡಿಸಿಕೊಳ್ಳುವುದು (ಕಲಂ 308) ಸುಲಿಗೆ, ಕಲಂ 309ರದ್ದು ದರೋಡೆ, ಕಲಂ 310ರದ್ದು ಡಕಾಯಿತಿ.

ಫೋನಿನದು ಸರಳ. ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಚರ ಸ್ವತ್ತನ್ನು ಸ್ವಾಧೀನದಿಂದ ಸರಿಸಿದ್ದು ಕಳವು: 303(2). ಮರೆ ಮಾಡಿದ ಮೂವರೂ ಸಮಾನ ಉದ್ದೇಶದ ಮೇಲೆ, 3(5)ರಡಿ, ಹೊಣೆಗಾರರು.

ಬಸಪ್ಪನವರ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮಂಜ ಎದುರಿಗೇ ಇದ್ದ, ಹಣವೂ ಆಗಲೇ ಕೈಸೇರಿತು, ಹಾಗಾಗಿ ದರೋಡೆ ಎಂದು ಬರೆದುಬಿಡುತ್ತಾರೆ. ಸುಲಿಗೆ ದರೋಡೆಯಾಗಲು ಅಷ್ಟು ಸಾಲದು. ಸಾವು, ಗಾಯ ಅಥವಾ ಅಕ್ರಮ ತಡೆ *ಆ ಕ್ಷಣವೇ* ಆದೀತೆಂಬ ಭಯ ಇರಬೇಕು. ಇಲ್ಲಿ ಬೆದರಿಕೆ ನಾಳೆ ರಾತ್ರಿಯದು, ಅದೂ ಅಂಗಡಿಗೆ. ಸ್ವತ್ತಿಗೆ ಆಗುವ ಅಕ್ರಮ ಕೇಡೂ ಸಂಹಿತೆಯ ಪ್ರಕಾರ ಹಾನಿಯೇ ಆದ್ದರಿಂದ ಸುಲಿಗೆ ಪೂರ್ಣಗೊಂಡಿದೆ: 308(2), ಏಳು ವರ್ಷದವರೆಗೆ ಶಿಕ್ಷೆ. ಮಂಜ ಒಬ್ಬನೇ ಹೊಣೆ.

ವಾಚು ಕೊಟ್ಟಿದ್ದು ನವೀನನೇ, ಆದ್ದರಿಂದ ಮೂಲ ಅಪರಾಧ ಕಳವಲ್ಲ, ಸುಲಿಗೆ. ಚಾಕು ಹೊಟ್ಟೆಗೇ ತಾಗಿದೆ, ಭಯ ಆ ಕ್ಷಣದ್ದು, ಒಪ್ಪಿಸಿದ್ದೂ ಅಲ್ಲೇ. ಹೀಗಾಗಿ ಅದು ದರೋಡೆ, 309(4). ನಾಲ್ವರೂ ಹೊಣೆಗಾರರು. ಮಾರಕಾಯುಧ ಬಳಸಿದವನಿಗೆ ಕನಿಷ್ಠ ಏಳು ವರ್ಷ ವಿಧಿಸುವ ಕಲಂ 311 ಮಾತ್ರ ಕಿರಣನೊಬ್ಬನಿಗೇ ಅನ್ವಯ. ಅದು ಆಯುಧ ಹಿಡಿದ ಕೈಯನ್ನು ನೋಡುತ್ತದೆ, ಗುಂಪನ್ನಲ್ಲ. ಚುಚ್ಚಲೇಬೇಕೆಂದಿಲ್ಲ, ಹೆದರಿಸಲು ತೋರಿಸಿದರೂ ಅದು ಬಳಕೆಯೇ.

ಚೀಲದ್ದು ಸೂಕ್ಷ್ಮ. ಹಠಾತ್ತನೆ ಕಸಿದದ್ದು ಕಲಂ 304ರ ಕಸಿಯುವಿಕೆ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. ಗುದ್ದಿದ್ದರಿಂದ ಇದು ದರೋಡೆಯಾಯಿತೇ? ಕಳವು ಮಾಡಲು ಅಥವಾ ಕದ್ದದ್ದನ್ನು ಒಯ್ಯಲು, *ಆ ಉದ್ದೇಶಕ್ಕಾಗಿಯೇ* ಗಾಯ ಮಾಡಿದ್ದರೆ ಮಾತ್ರ. ಗಿರಿ ಚೀಲ ಬಿಟ್ಟ ಮೇಲೆ ಗುದ್ದಿದ್ದು ತಾನು ತಪ್ಪಿಸಿಕೊಳ್ಳಲು. ಆದ್ದರಿಂದ 304 ಮತ್ತು ಗಾಯಕ್ಕೆ 115(2). ಚೀಲ ಕಂಕುಳಲ್ಲಿರುವಾಗಲೇ ಗುದ್ದಿದ್ದರೆ 309(6): ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ತನಿಖಾಧಿಕಾರಿ ರೇಖಾ ಅವರ ಹೇಳಿಕೆಯಲ್ಲಿ ಈ ಕ್ರಮವನ್ನು ಸ್ಪಷ್ಟವಾಗಿ ಬರೆಸಿಕೊಳ್ಳದಿದ್ದರೆ ಆರೋಪ ನ್ಯಾಯಾಲಯದಲ್ಲಿ ನಿಲ್ಲದು.

ಇನ್ನು ಡಕಾಯಿತಿ. ದರೋಡೆ ಮಾಡಿದವರು, ಯತ್ನಿಸಿದವರು, ಸ್ಥಳದಲ್ಲಿದ್ದು ನೆರವಾದವರು ಸೇರಿ ಐದು ಅಥವಾ ಹೆಚ್ಚು ಜನರಿರಬೇಕು. ವಾಚಿನ ದರೋಡೆಯ ಹೊತ್ತಿಗೆ ಲೆಕ್ಕಕ್ಕೆ ಸಿಗುವವರು ನಾಲ್ವರೇ. ನಾಗ ಸ್ಥಳದಲ್ಲಿರಲಿಲ್ಲ, ಅವನು ಕದ್ದ ಮಾಲು ಪಡೆದವನು, 317(2). ಡಕಾಯಿತಿ ಆರೋಪ ಬಿದ್ದುಹೋಗುತ್ತದೆ.

ನಾಗ ಬೀದಿ ತುದಿಯಲ್ಲಿ ಕಾವಲಿದ್ದರೆ ಅವನು ಹಾಜರಿದ್ದು ನೆರವಾದ ಐದನೆಯವನು. ಆಗ ವಾಚಿನ ಮಟ್ಟಿಗೆ ಐವರಿಗೂ 310(2). ಫೋನು, ಬಸಪ್ಪನವರ ಹಣ, ಚೀಲ ಮಾತ್ರ ಆಗಲೂ ಡಕಾಯಿತಿಯಾಗವು. ದರೋಡೆಯೇ ಇಲ್ಲದ ಕಡೆ ಐವರಿದ್ದರೂ ಡಕಾಯಿತಿ ಹುಟ್ಟದು.