ದಾಖಲಾತಿ ವೇಳೆಯ ಮಾತ್ರೆ ತಾಳೆ ಟಿಪ್ಪಣಿ: ಪುರುಷರ ವಾರ್ಡ್, 14ನೇ ಹಾಸಿಗೆ

14 ಜುಲೈ 2025, ಸೋಮವಾರ, ಸಂಜೆ 6.40

ವಯಸ್ಸು 67, ಅರಸೀಕೆರೆ ಕಡೆಯ ತೆಂಗಿನ ತೋಟದವರು. ತೂಕ 61 ಕೆ.ಜಿ. ಮೂರು ದಿನದಿಂದ ವಾಂತಿ, ಭೇದಿ. ಇವತ್ತು ಮಧ್ಯಾಹ್ನ ಬೆವರಿ, ಮಾತು ತೊದಲಿದ್ದಕ್ಕೆ ಕರೆತಂದಿದ್ದಾರೆ. ಬಂದಾಗ ಶುಗರ್ 54, ಬಿಪಿ 106/64, ನಾಡಿ 84. ಕ್ರಿಯಾಟಿನಿನ್ 2.8 (ಜನವರಿ ರಿಪೋರ್ಟಲ್ಲಿ 1.1 ಇತ್ತು), ಪೊಟ್ಯಾಶಿಯಂ 5.6, ಇಸಿಜಿಯಲ್ಲಿ ಹೊಸ ಬದಲಾವಣೆ ಇಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಮೂತ್ರ ಕಟ್ಟಿಕೊಂಡಿಲ್ಲ.

ಅಲರ್ಜಿ: ಹಿಂದೊಮ್ಮೆ ಕೋಟ್ರೈಮಾಕ್ಸಜೋಲ್ ತಗೊಂಡು ಮೈಯೆಲ್ಲ ಗುಳ್ಳೆ ಎದ್ದಿತ್ತು. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಭೇದಿಗೆ ಅಂತ ಯಾರೂ ಅದನ್ನು ಬರೆಯಬೇಡಿ.

ಮಾಹಿತಿ ಎಲ್ಲಿಂದ: ಸೊಸೆ ತಂದ ಬಿಸ್ಕತ್ತಿನ ತಗಡಿನ ಡಬ್ಬಿ, ಎರಡು ಚೀಟಿ (ಹಾಸನದ ಹೃದಯ ವೈದ್ಯರದ್ದು, ಊರಿನ ಹತ್ತಿರದ ಕ್ಲಿನಿಕ್‌ನದು), ಮಗನ ಜತೆ ಫೋನು. ರೋಗಿ ಈಗ ಸರಿಯಾಗಿ ಮಾತಾಡುತ್ತಿದ್ದಾರೆ, ಅವರನ್ನೂ ಬೇರೆಯಾಗಿ ಕೇಳಿದೆ. ಮಾತ್ರೆ ಕೊಡುವುದು ಸೊಸೆಯೇ. ಇಂಗ್ಲಿಷ್ ಓದಲು ಬರುವುದಿಲ್ಲ, ಸ್ಟ್ರಿಪ್ಪಿನ ಬಣ್ಣ ನೋಡಿ ಕೊಡುತ್ತಾರೆ. ಬಹಳ ಜೋಪಾನದಿಂದ ಕೊಟ್ಟಿದ್ದಾರೆ, ಒಂದು ಹೊತ್ತೂ ತಪ್ಪಿಸಿಲ್ಲ.

ಮೊದಲು ಬಿಪಿ ಮಾತ್ರೆ, ಯಾಕೆಂದರೆ ಮುಖ್ಯ ಎಡವಟ್ಟು ಇಲ್ಲೇ ಇದೆ. ಹಾಸನದ ಚೀಟಿಯಲ್ಲಿ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ ಜತೆ ಹೈಡ್ರೋಕ್ಲೋರೋಥಯಜೈಡ್ 12.5 ಸೇರಿದ ಮಾತ್ರೆ, ಬೆಳಗ್ಗೆ ಒಂದು. ಮೇ ತಿಂಗಳಲ್ಲಿ ಬಿಪಿ 160 ಬಂತು ಅಂತ ಊರಿನ ಕ್ಲಿನಿಕ್‌ಗೆ ಹೋದಾಗ ಹಳೇ ಚೀಟಿ ಒಯ್ದಿರಲಿಲ್ಲ. ಅಲ್ಲಿ ಟೆಲ್ಮಿಸಾರ್ಟಾನ್ 40 ರಾತ್ರಿಗೆ ಬರೆದಿದ್ದಾರೆ. ಕಂಪನಿ ಬೇರೆ, ಹೆಸರು ಬೇರೆ, ಒಂದು ನೀಲಿ ಸ್ಟ್ರಿಪ್ ಇನ್ನೊಂದು ಹಸಿರು. ಎರಡೂ ಒಂದೇ ಔಷಧಿ ಅಂತ ಮನೆಯಲ್ಲಿ ಯಾರಿಗೆ ಗೊತ್ತಾಗಬೇಕು ಹೇಳಿ. ಎರಡು ತಿಂಗಳಿಂದ ದಿನಕ್ಕೆ 80 ಹೋಗುತ್ತಿದೆ. ಕೊನೆಯ ಡೋಸ್ ಇವತ್ತು ಬೆಳಗ್ಗೆ 7ಕ್ಕೆ.
ನಿರ್ಧಾರ: ಎರಡೂ ನಿಲ್ಲಿಸಿ. ನೀರು ಕಳೆದುಕೊಂಡ ಮೈಗೆ ಇವು ಕಿಡ್ನಿಯ ಒತ್ತಡ ಇನ್ನೂ ಇಳಿಸುತ್ತವೆ, ಪೊಟ್ಯಾಶಿಯಂ ಬೇರೆ ಏರಿದೆ. ಕ್ರಿಯಾಟಿನಿನ್ ಇಳಿದ ಮೇಲೆ ಟೆಲ್ಮಿಸಾರ್ಟಾನ್ ಒಂದೇ ಒಂದು ಮಾತ್ರೆಯಾಗಿ ಶುರು ಮಾಡುವುದೋ ಬೇಡವೋ ಅಂತ ದೊಡ್ಡ ಡಾಕ್ಟರ್ ನೋಡುತ್ತಾರೆ. ಹಸಿರು ಸ್ಟ್ರಿಪ್ ಮಾತ್ರ ಮತ್ತೆ ಮನೆಗೆ ಹೋಗಬಾರದು.

ಕಾಗದದ ಪೊಟ್ಟಣದ ಬಿಳಿ ಮಾತ್ರೆ. ಡಬ್ಬಿಯ ತಳದಲ್ಲಿ ಹೆಸರಿಲ್ಲದ ನಾಲ್ಕು ಮಾತ್ರೆ ಸಿಕ್ಕಿತು. "ಅದೇನಿಲ್ಲ, ಮಂಡಿ ನೋವಿಂದು" ಅಂದರು. ಯಾವ ಚೀಟಿಯಲ್ಲೂ ಇಲ್ಲ. ಮಗ ಮೆಡಿಕಲ್ ಶಾಪ್‌ಗೆ ಹೋಗಿ ಸ್ಟ್ರಿಪ್ಪಿನ ಫೋಟೋ ಕಳಿಸಿದ ಮೇಲೆ ಗೊತ್ತಾಯಿತು: ಡೈಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 325. ದಿನಕ್ಕೆ ಎರಡರಂತೆ ಹತ್ತು ದಿನ, ವಾಂತಿ ಆಗುತ್ತಿದ್ದಾಗಲೂ ನಿಲ್ಲಿಸಿಲ್ಲ.
ನಿರ್ಧಾರ: ನಿಲ್ಲಿಸಿ, ಮತ್ತೆ ಶುರು ಮಾಡುವ ಮಾತೇ ಬೇಡ. ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಮಾತ್ರೆ, ಮೇಲೆ ಡೈಕ್ಲೋಫೆನಾಕ್: ಈ ಮೂರು ಒಟ್ಟಿಗೆ ಇರುವಾಗ ಭೇದಿ ಬಂದರೆ ಕಿಡ್ನಿ ಕೈಕೊಡುವುದು ಹೀಗೇ. ನೋವಿಗೆ ಪ್ಯಾರಾಸಿಟಮಾಲ್ 500, ಬೇಕಾದಾಗ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ರಾತ್ರಿ ಪಾಳಿಯಲ್ಲಿ ಮಂಡಿ ನೋವು ಅಂದರೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೂಡ ಕೊಡಬೇಡಿ.

ಶುಗರ್ ಮಾತ್ರೆ: ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500 ಸೇರಿದ್ದು, ಬೆಳಗ್ಗೆ ರಾತ್ರಿ ಊಟಕ್ಕೆ ಮುಂಚೆ. ಮೂರು ದಿನ ಗಂಜಿಯೂ ಸರಿಯಾಗಿ ಇಳಿದಿಲ್ಲ, ಆದರೆ ಬಿಟ್ಟರೆ ಶುಗರ್ ಏರುತ್ತೆ ಅನ್ನುವ ಭಯಕ್ಕೆ ಮಾತ್ರೆ ಮಾತ್ರ ತಪ್ಪದೆ ಕೊಟ್ಟಿದ್ದಾರೆ. ಇವತ್ತು ಬೆಳಗ್ಗೆಯೂ ಹೋಗಿದೆ.
ನಿರ್ಧಾರ: ನಿಲ್ಲಿಸಿ. ಈ ಕ್ರಿಯಾಟಿನಿನ್‌ಗೆ ಮೆಟ್‌ಫಾರ್ಮಿನ್ ಸಲ್ಲ. ಗ್ಲಿಮೆಪಿರೈಡ್ ಕಿಡ್ನಿ ನಿಧಾನವಾದಾಗ ಮೈಯಲ್ಲೇ ಉಳಿದು ಮತ್ತೆ ಮತ್ತೆ ಶುಗರ್ ಇಳಿಸುತ್ತದೆ, ಹಾಗಾಗಿ ಒಂದು ಸಲ ಡೆಕ್ಸ್ಟ್ರೋಸ್ ಕೊಟ್ಟು 142 ಬಂತು ಅಂತ ನಿರಾಳ ಆಗಬೇಡಿ. ಮೊದಲ 4 ಗಂಟೆ ಗಂಟೆಗೊಮ್ಮೆ, ಆಮೇಲೆ ಬೆಳಗಿನವರೆಗೆ 2 ಗಂಟೆಗೊಮ್ಮೆ ಚುಚ್ಚಿ ನೋಡಿ. ನಿದ್ದೆ ಮಾಡುತ್ತಿದ್ದಾರೆ ಅಂತ ಬಿಡಬೇಡಿ. ಮೆಟೊಪ್ರೊಲಾಲ್ ಮೇಲೂ ಇದ್ದಾರೆ, ಶುಗರ್ ಇಳಿದರೆ ಎದೆ ಡವಗುಟ್ಟುವುದು ಗೊತ್ತಾಗದೇ ಇರಬಹುದು. 70ಕ್ಕಿಂತ ಕೆಳಗೆ ಬಂದರೆ ಡೆಕ್ಸ್ಟ್ರೋಸ್ ಕೊಟ್ಟು ತಕ್ಷಣ ಕರೆಯಿರಿ. ಜಾಸ್ತಿ ಬಂದರೆ ಡಾಕ್ಟರನ್ನು ಕೇಳದೆ ಇನ್ಸುಲಿನ್ ಬೇಡ.

ಮೆಟೊಪ್ರೊಲಾಲ್ ಸಕ್ಸಿನೇಟ್ 50, ಬೆಳಗ್ಗೆ. 2021ರಲ್ಲಿ ಸ್ಟೆಂಟ್ ಆದಾಗಿನಿಂದ.
ನಿರ್ಧಾರ: ಮುಂದುವರಿಸಿ. ಬಿಪಿ ಕಡಿಮೆ ಇದೆ ಅಂತ ಇದನ್ನೂ ಉಳಿದವುಗಳ ಜತೆ ನಿಲ್ಲಿಸುವ ಮನಸ್ಸಾಗುತ್ತದೆ, ಆದರೆ ಸ್ಟೆಂಟ್ ಇರುವವರಿಗೆ ಥಟ್ಟನೆ ನಿಲ್ಲಿಸುವುದು ಒಳ್ಳೆಯದಲ್ಲ. ಒಂದು ಲೀಟರ್ ಸಲೈನ್ ಹೋದ ಮೇಲೆ ಬಿಪಿ 118/70 ಬಂದಿದೆ. ಕೊಡುವ ಮುಂಚೆ ನೋಡಿ: ಮೇಲಿನ ಬಿಪಿ 100ಕ್ಕಿಂತ ಅಥವಾ ನಾಡಿ 55ಕ್ಕಿಂತ ಕಡಿಮೆ ಇದ್ದರೆ ಆ ಡೋಸ್ ತಡೆದು ಕೇಳಿ. ಪುಡಿ ಮಾಡಬೇಡಿ.

ಆಸ್ಪಿರಿನ್ 75, ಅಟೋರ್ವಾಸ್ಟಾಟಿನ್ 40, ಎರಡೂ ರಾತ್ರಿ. ಮುಂದುವರಿಸಿ. ಮಲ ಕಪ್ಪಗಿಲ್ಲ, ರಕ್ತ ಇಲ್ಲ, ಪ್ಲೇಟ್‌ಲೆಟ್ 2.1 ಲಕ್ಷ. ಡಬ್ಬಿಯಲ್ಲಿ ಕ್ಲೊಪಿಡೋಗ್ರೆಲ್ 75ರ ಅರ್ಧ ಸ್ಟ್ರಿಪ್ಪೂ ಇದೆ, ಅದನ್ನು ನೋಡಿ ಬರೆದುಬಿಡಬೇಡಿ. 2022ರಲ್ಲೇ ಹೃದಯ ವೈದ್ಯರು ನಿಲ್ಲಿಸಿದ್ದಾರೆ, ಚೀಟಿಯಲ್ಲಿ ಹೊಡೆದು ಹಾಕಿರುವುದನ್ನು ನೋಡಿದ್ದೇನೆ.

ಪ್ಯಾಂಟೊಪ್ರಜೋಲ್ 40, ಬೆಳಗ್ಗೆ. ಮುಂದುವರಿಸಿ.

ಥೈರಾಕ್ಸಿನ್ 50 ಮೈಕ್ರೋಗ್ರಾಂ. ಮುಂದುವರಿಸಿ, ಬೆಳಗ್ಗೆ 6ಕ್ಕೆ ಬರೀ ನೀರಿನಲ್ಲಿ. ಮನೆಯಲ್ಲಿ ಕಾಫಿ ಜತೆ, ಅದೇ ಗುಟುಕಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದಾರಂತೆ, ಹಾಗಾದರೆ ಥೈರಾಕ್ಸಿನ್ ಮೈಗೆ ಹತ್ತುವುದು ಕಡಿಮೆ. ಕ್ಯಾಲ್ಸಿಯಂ 500 ಆಸ್ಪತ್ರೆಯಲ್ಲಿ ಬೇಡ. ಮನೆಗೆ ಹೋದ ಮೇಲೆ ಮಧ್ಯಾಹ್ನದ ಊಟಕ್ಕೆ ಹಾಕೋಣ. ನಾಳೆ ರಕ್ತದಲ್ಲಿ ಟಿಎಸ್‌ಎಚ್ ಕೂಡ ಸೇರಿಸಲು ಕೇಳಿದ್ದೇನೆ.

ಟ್ಯಾಮ್ಸುಲೋಸಿನ್ 0.4, ರಾತ್ರಿ ಊಟ ಆದ ಮೇಲೆ. ಡ್ಯೂಟಿ ಡಾಕ್ಟರ್ ಜತೆ ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಯಿತು. ನಿಲ್ಲಿಸಿದರೆ ಮೂತ್ರ ಕಟ್ಟಿ ಕಿಡ್ನಿಗೆ ಇನ್ನೊಂದು ಪೆಟ್ಟು, ಕೊಟ್ಟರೆ ಎದ್ದು ನಿಂತಾಗ ಬಿಪಿ ಬೀಳಬಹುದು. ಮುಂದುವರಿಸುವುದು ಅಂತ ಆಯಿತು, ಬಿಪಿ 110 ಮೇಲಿದ್ದರೆ ಮಾತ್ರ. ರಾತ್ರಿ ಒಬ್ಬರೇ ಬಾತ್‌ರೂಮಿಗೆ ಹೋಗಬಾರದು, ಮಗ ಪಕ್ಕದಲ್ಲೇ ಮಲಗುತ್ತಾರೆ, ಅವರಿಗೆ ಹೇಳಿದ್ದೇನೆ.

ಮಧುನಾಶಿನಿ ಪುಡಿ, ಬೆಳಗ್ಗೆ ಒಂದು ಚಮಚ, ಒಂದು ವರ್ಷದಿಂದ. ನಾಲ್ಕನೇ ಸಲ ಕೇಳಿದಾಗ ಹೇಳಿದ್ದು, ಅದು ಔಷಧಿ ಅಂತ ಅವರಿಗೆ ಅನಿಸಿಯೇ ಇಲ್ಲ. ಶುಗರ್ ಇಳಿಸುವ ಗುಣ ಇರುವುದರಿಂದ ಸದ್ಯಕ್ಕೆ ನಿಲ್ಲಿಸಿ. ಬೈಯದೆ ಹೇಳಿ, ಇಲ್ಲದಿದ್ದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಎಳನೀರು: ತೋಟದಿಂದ ಮಗ ನಾಲ್ಕು ತಂದಿದ್ದಾರೆ. ಭೇದಿಗೆ ಒಳ್ಳೆಯದು ಅಂತ ಎಲ್ಲರೂ ಕೊಡುವುದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ತುಂಬ ಇದೆ. 5.6 ಇರುವವರೆಗೂ ಒಂದು ಲೋಟವೂ ಬೇಡ. ಸಪ್ಪೆ ಉಪ್ಪು ಅಂತ ಸಿಗುವ ಪೊಟ್ಯಾಶಿಯಂ ಉಪ್ಪು ಮನೆಯಲ್ಲಿ ಬಳಸುವುದಿಲ್ಲ, ಕೇಳಿದ್ದೇನೆ.

ಇಲ್ಲಿ ಹೊಸದಾಗಿ ಶುರುವಾದದ್ದು: ಸಲೈನ್, ಡೆಕ್ಸ್ಟ್ರೋಸ್ ಡ್ರಿಪ್, ವಾಂತಿಗೆ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಬೇಕಾದಾಗ. ಮನೆಯ ಮಾತ್ರೆಗಳ ಜತೆ ತೊಂದರೆ ಕಾಣಲಿಲ್ಲ.

ಬೆಳಗಿನ ಪಾಳಿಯವರಿಗೆ: 6ಕ್ಕೆ ಕ್ರಿಯಾಟಿನಿನ್, ಪೊಟ್ಯಾಶಿಯಂ ಮತ್ತೆ ಕಳಿಸಿ, ರಾತ್ರಿಯ ಮೂತ್ರದ ಲೆಕ್ಕ ಬರೆದಿಡಿ. ಊರಿನ ಕ್ಲಿನಿಕ್ 10ಕ್ಕೆ ತೆರೆಯುತ್ತದೆ, ಎರಡನೇ ಟೆಲ್ಮಿಸಾರ್ಟಾನ್ ವಿಷಯ ಅಲ್ಲಿನ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ.

ತಗಡಿನ ಡಬ್ಬಿ ವಾರ್ಡಿನ ಬೀರುವಿನಲ್ಲಿ, ಹಾಸಿಗೆ ನಂಬರ್ ಬರೆದು ಇಟ್ಟಿದ್ದೇನೆ. ಹಾಸಿಗೆ ಪಕ್ಕ ಮಾತ್ರೆ ಯಾವುದೂ ಇಲ್ಲ, ಆದರೂ ದಿಂಬಿನ ಕೆಳಗೆ ಒಮ್ಮೆ ನೋಡಿ. ಡಿಸ್ಚಾರ್ಜ್ ದಿನ ಸೊಸೆ ಬರುತ್ತಾರೆ. ಅವರಿಗೆ ಕನ್ನಡದಲ್ಲಿ ದೊಡ್ಡಕ್ಷರದ ಪಟ್ಟಿ ಬೇಕು, ಪ್ರತಿ ಸಾಲಿನ ಪಕ್ಕ ಆಯಾ ಸ್ಟ್ರಿಪ್ಪಿನ ಖಾಲಿ ತುಂಡು ಅಂಟಿಸಿ ಕೊಡೋಣ, ತುಂಡುಗಳನ್ನು ಕತ್ತರಿಸಿ ಡಬ್ಬಿಯ ಮೇಲಿನ ಕವರಿನಲ್ಲಿ ಹಾಕಿದ್ದೇನೆ.

ವಾರ್ಡ್ ಫಾರ್ಮಸಿಸ್ಟ್, ಸಂಜೆ ಪಾಳಿ. ಡ್ಯೂಟಿ ಡಾಕ್ಟರ್ ಓದಿ 7.15ಕ್ಕೆ ಸಹಿ ಹಾಕಿದ್ದಾರೆ.