ಕ್ಯಾಲೆಂಡರ್ ಹಾಳೆಯ ಹಿಂದೆ, ವಿದ್ಯಾಳಿಗೆ

ವಿದ್ಯಾ,

ಮೊನ್ನೆ ನಾನು ಬದಿಯಡ್ಕಕ್ಕೆ ಬಂದಿದ್ದಾಗ ನೀನು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದೆ. ಎರಡು ನಿಮಿಷ ಇರಬಹುದು. ಎಚ್ಚರ ಆದ ಕೂಡಲೇ ನನ್ನ ಹತ್ತಿರ "ತಪ್ಪಾಯ್ತು ಅಕ್ಕ" ಅಂದೆ. ಕುಂಬಳೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ನನಗೆ ಅದೇ ಮಾತು. ನಿದ್ದೆ ಬಂದದ್ದಕ್ಕೆ ಯಾರಾದರೂ ತಪ್ಪಾಯ್ತು ಅನ್ನುತ್ತಾರಾ?

ಅಪ್ಪ ಹಾಸಿಗೆ ಹಿಡಿದಿದ್ದ ಮೂರೂವರೆ ವರ್ಷ ಬಂದವರೆಲ್ಲ ನನಗೆ ಒಳ್ಳೆಯ ಮಾತನ್ನೇ ಹೇಳಿದರು. ಪುಣ್ಯದ ಕೆಲಸ, ದೇವರು ನೋಡ್ತಾನೆ, ನಿನ್ನಂಥ ಮಗಳು ಸಿಗ್ಲಿಕ್ಕಿಲ್ಲ. ಸುಸ್ತಾಯಿತಾ ಅಂತ ಒಬ್ಬರೂ ಕೇಳಲಿಲ್ಲ. ಆಗ ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸುವ ಮಾತುಗಳನ್ನು ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಈಗ ಚಿಕ್ಕಮ್ಮನನ್ನು ನೋಡಿಕೊಳ್ಳುವವಳು ನೀನು, ಅದಕ್ಕೆ ನೀನೇ ಹೇಳಿಕೊಳ್ಳುವ ಹಾಗೆ, "ಅಮ್ಮ" ಅಂತಲೇ ಬರೆದಿದ್ದೇನೆ. ಎಲ್ಲಿ ಅಂಟಿಸಬೇಕು ಅಂತಲೂ ಇದೆ. ಬೇಡ ಅನ್ನಿಸಿದ್ದನ್ನು ಬಚ್ಚಲ ಒಲೆಗೆ ಹಾಕು, ನನಗೆ ಬೇಜಾರಿಲ್ಲ.

ಅಡುಗೆ ಮನೆಯ ಗೋಡೆಗೆ

ಗಂಜಿ ತಣಿಯಲು ಹೊತ್ತು ಬೇಕು. ಅಷ್ಟು ಹೊತ್ತು ನಾನೂ ಕೂತುಕೊಳ್ಳುತ್ತೇನೆ.

ಅಮ್ಮ ಉಂಡು ಬಿಟ್ಟದ್ದು ನನ್ನ ಊಟ ಅಲ್ಲ. ನನ್ನ ಬಟ್ಟಲು ಬೇರೆ ಇದೆ.

(ಎರಡು ವರ್ಷ ನಾನು ಅಪ್ಪ ಬಿಟ್ಟ ಗಂಜಿಯನ್ನೇ ಉಂಡೆ, ನಿಂತುಕೊಂಡು. ನನ್ನ ಬಳೆ ಕೈಯಿಂದ ಜಾರಿ ಅಪ್ಪನ ಹಾಸಿಗೆಯಲ್ಲಿ ಸಿಕ್ಕಿದಾಗಲೇ ಗೊತ್ತಾದದ್ದು, ನಾನು ಎಷ್ಟು ಇಳಿದಿದ್ದೇನೆ ಅಂತ.)

ಇವತ್ತು ಸಾರು ಮಾತ್ರ. ಪಲ್ಯ ಮಾಡುವಷ್ಟು ತ್ರಾಣ ಇಲ್ಲ.

ಅಮ್ಮನನ್ನು ಕೂರಿಸಿಯೇ ಉಣಿಸಬೇಕು, ಅವಸರ ಮಾಡಬಾರದು, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಆ ಅರ್ಧ ಗಂಟೆ ನನ್ನದು. ಪಕ್ಕದ ಕುರ್ಚಿ ನನ್ನದು.

ಮಂಚದ ತಲೆಬದಿಗೆ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ. ಹಗಲೂ, ರಾತ್ರಿಯೂ. ಒಂದು ದಿನದಲ್ಲಿ ಎಷ್ಟು ಎರಡು ಗಂಟೆ ಇದೆ ಅಂತ ನನಗೆ ಗೊತ್ತು.

ಅಮ್ಮನ ಬೆನ್ನಿನಲ್ಲಿ ಹುಣ್ಣಿಲ್ಲ. ಇದು ನನ್ನ ಇವತ್ತಿನ ಕೆಲಸ. ಬೇರೆ ಏನೂ ಆಗದಿದ್ದರೂ ಸರಿ.

(ಇದನ್ನು ದೊಡ್ಡದಾಗಿ ಬರೆದಿದ್ದೇನೆ, ನೋಡು. ಬೆನ್ನಲ್ಲಿ ಹುಣ್ಣಾಗದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹುಣ್ಣಾದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ ಅಂತಲೂ ಬಂದವರಿಗೆ ಗೊತ್ತಿರುವುದಿಲ್ಲ.)

ಒಬ್ಬಳೇ ಎತ್ತುವುದಿಲ್ಲ. ಇವರು ತೋಟದಿಂದ ಬರಲಿ. ನನ್ನ ಸೊಂಟವೂ ಸೊಂಟವೇ.

ಅಮ್ಮ ಬೈದದ್ದು ನನಗಲ್ಲ, ಅದು ಕಾಯಿಲೆ. ಆದರೆ ಕೇಳಿಸಿಕೊಂಡದ್ದು ನಾನು. ನನಗೆ ನೋವಾಗಿದೆ.

ಇದರ ಜೊತೆ ಇನ್ನೊಂದು ವಿಷಯ. ಒಂದೆರಡು ದಿನದಲ್ಲೇ ಚಿಕ್ಕಮ್ಮ ತೀರಾ ಬೇರೆ ಥರ ಆಗಿಬಿಟ್ಟರೆ, ಗಲಾಟೆ ಜಾಸ್ತಿ ಆದರೆ, ಇಲ್ಲ ಎಬ್ಬಿಸಿದರೂ ಮಂಪರಲ್ಲೇ ಇದ್ದರೆ, ಮೂತ್ರದ ಸೋಂಕು ಇರಬಹುದು. ಪ್ರಾಯದವರಲ್ಲಿ ಜ್ವರ ಬಾರದೆಯೂ ಹಾಗಾಗುತ್ತದೆ. ಕೂಡಲೇ ಡಾಕ್ಟರಿಗೆ ಹೇಳು. ಅಪ್ಪನ ಮೇಲೆ ನಾನು ಎರಡು ದಿನ ಸಿಟ್ಟು ಮಾಡಿಕೊಂಡು ತಿರುಗಿದ್ದೆ. ಆಮೇಲೆ ನೋಡಿದರೆ ಅದೇ.

ಜಗಲಿಯ ಕಂಬಕ್ಕೆ

ಸಂಜೆ ಆದರೆ ಅಮ್ಮನಿಗೆ ಮನೆಗೆ ಹೋಗಬೇಕು. ಮನೆಯಲ್ಲೇ ಇದ್ದೇವೆ ಅಂತ ವಾದ ಮಾಡುವುದಿಲ್ಲ. ನನಗೂ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಇಬ್ಬರೂ ಇಲ್ಲೇ ಸ್ವಲ್ಪ ಹೊತ್ತು ರಸ್ತೆ ನೋಡುತ್ತೇವೆ.

ಕೇಳಿದ್ದನ್ನೇ ನೂರು ಸಲ ಕೇಳಿದರು. ತೊಂಬತ್ತು ಸಲ ಸಮಾಧಾನದಲ್ಲಿ ಉತ್ತರ ಕೊಟ್ಟೆ, ಹತ್ತು ಸಲ ರೇಗಿದೆ. ರಾತ್ರಿ ಲೆಕ್ಕ ಹಾಕುವಾಗ ತೊಂಬತ್ತನ್ನೂ ಹಾಕುತ್ತೇನೆ.

ಇವತ್ತು ಅಮ್ಮ ನನ್ನನ್ನು "ನೀವು ಯಾರ ಮಗಳು?" ಅಂತ ಕೇಳಿದರು. ಉತ್ತರ ಹೇಳಿದೆ. ಒಳಗೆ ಹೋಗಿ ಅತ್ತೆ.

ಮಧೂರಿಗೆ ಹೋಗದೆ ತುಂಬಾ ದಿನ ಆಯಿತು. ಗಣಪತಿಗೆ ನಮ್ಮ ಮನೆಯ ವಿಷಯ ಗೊತ್ತಿದೆ.

ಫೋನಿನ ಹತ್ತಿರ

"ಹೇಗಿದ್ದೀರಿ?" ಅಂತ ಕೇಳಿದರೆ "ಅಮ್ಮ ಹುಷಾರಾಗಿದ್ದಾರೆ" ಅನ್ನುವುದು ಅರ್ಧ ಉತ್ತರ. "ನನಗೆ ಆಗ್ತಾ ಇಲ್ಲ" ಅನ್ನುವುದು ಉಳಿದರ್ಧ. ಅದನ್ನೂ ಹೇಳುತ್ತೇನೆ.

"ಅಣ್ಣಾ, ದುಡ್ಡು ಬಂತು. ಈಗ ನೀನು ಬಾ. ಹತ್ತು ದಿನ ಇರು. ಮೊದಲ ಎರಡು ದಿನ ನಾನು ತೋರಿಸಿಕೊಡ್ತೇನೆ, ಆಮೇಲೆ ನೀನೇ ನೋಡ್ಕೊ."

(ಇದನ್ನು ನೋಡಿಕೊಂಡೇ ಓದಿ ಹೇಳು. ನೀನು ಅಣ್ಣನ ಸ್ವರ ಕೇಳಿದ ಕೂಡಲೇ "ಏನಿಲ್ಲಣ್ಣ, ಎಲ್ಲ ಸರಿಯಾಗಿದೆ" ಅಂತೀಯ. ಬೆಂಗಳೂರಲ್ಲಿ ಕೂತವನಿಗೆ ನೀನು ಹೇಳಿದ್ದಷ್ಟೇ ಗೊತ್ತು.)

ನೋಡಲು ಬಂದವರಿಗೆ: "ಅತ್ತೆ, ಅರ್ಧ ಗಂಟೆ ಅಮ್ಮನ ಹತ್ತಿರ ಕೂತ್ಕೊಳ್ಳಿ. ನಾನು ತಲೆಗೆ ಸ್ನಾನ ಮಾಡಿ ಬರ್ತೇನೆ. ಕಾಫಿ ಆಮೇಲೆ."

ಔಷಧದ ಡಬ್ಬಿಯ ಮುಚ್ಚಳಕ್ಕೆ

ಪಾಲಿಯೇಟಿವ್ ಸಿಸ್ಟರ್ ಬಂದಾಗ ಅಮ್ಮನ ಬಿಪಿ ನೋಡಿ ಆದ ಮೇಲೆ ನನ್ನ ಕೈಯನ್ನೂ ಮುಂದೆ ಚಾಚುತ್ತೇನೆ.

ಅವರಿಗೆ ತೊಂದರೆ ಕೊಡುತ್ತಿದ್ದೇನೆ ಅಂದುಕೊಳ್ಳುವುದಿಲ್ಲ. ಮನೆಗೆ ಬಂದು ನೋಡುವುದು ಅವರ ಕೆಲಸ.

2008ರಿಂದ ಕೇರಳದಲ್ಲಿ ಅದಕ್ಕೆ ಸರ್ಕಾರದ ನೀತಿಯೇ ಇದೆ, ವಿದ್ಯಾ. ಪಂಚಾಯತಿನವರು ಜೀಪು ಕಳಿಸುವುದು ನಿನ್ನ ಮೇಲಿನ ದಾಕ್ಷಿಣ್ಯಕ್ಕಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆಯೂ ಇದೆ. ನಿಮ್ಮ ಮನೆಯ ಆದಾಯಕ್ಕೆ ಅದು ಸಿಗುತ್ತದಾ ಅಂತ ಸಿಸ್ಟರ್ ಹತ್ತಿರವೇ ವಿಚಾರಿಸು. ದೊಡ್ಡ ದುಡ್ಡಲ್ಲ. ಆದರೆ ನೋಡಿಕೊಳ್ಳುವುದು ಒಂದು ಕೆಲಸ ಅಂತ ಒಂದು ಕಾಗದದಲ್ಲಾದರೂ ಬರೆದಿದೆಯಲ್ಲ, ಅದಕ್ಕೆ ಹೇಳಿದೆ.

ನಿನ್ನ ತೊಂದರೆ ನನಗೆ ಗೊತ್ತು. ಸಿಸ್ಟರ್ ಮಲಯಾಳದಲ್ಲಿ ಕೇಳುತ್ತಾರೆ. ಅಮ್ಮನ ವಿಷಯ ಹೇಗಾದರೂ ಹೇಳಿಬಿಡುತ್ತೀಯ, ಉಚ್ಚೆ, ಹೊಟ್ಟೆ, ಮಾತ್ರೆ ಎಲ್ಲ. ನಿನ್ನ ವಿಷಯ ಕೇಳಿದರೆ ನಕ್ಕು ಸುಮ್ಮನಾಗುತ್ತೀಯ. ನನಗೂ ಹಾಗೇ ಆಗುತ್ತಿತ್ತು. ಒಂದು ಸಲ ನಮ್ಮಲ್ಲಿಗೆ ಬಂದ ಸಿಸ್ಟರೇ ನನ್ನ ಮುಖ ನೋಡಿ "ಕ್ಷೀಣಂ ಉಂಡೋ?" ಅಂದರು. ನಾನು ಕನ್ನಡದ ಕ್ಷೀಣ ಅಂದುಕೊಂಡೆ. ಸವೆದು ಸಣ್ಣದಾಗುವುದು, ಕೃಷ್ಣಪಕ್ಷದ ಚಂದ್ರನ ಹಾಗೆ. ಹೌದು ಅಂದೆ. ಅವರ ಭಾಷೆಯಲ್ಲಿ ಅದು ಬರೀ ಸುಸ್ತು ಅಂತ ಆಮೇಲೆ ಗೊತ್ತಾಯಿತು. ಎರಡು ಅರ್ಥದಲ್ಲೂ ನನ್ನ ಉತ್ತರ ಸರಿಯೇ ಇತ್ತು. ಅವರು ಚೀಲ ಕೆಳಗಿಟ್ಟು ಹತ್ತು ನಿಮಿಷ ನನ್ನ ಹತ್ತಿರ ಕೂತರು. ಅದಕ್ಕೇ ನಿನಗೆ ಈ ಹಾಳೆ, ತುಂಬಾ ಸುಸ್ತಿದೆ ಅಂತ ಅವರ ಭಾಷೆಯಲ್ಲೇ:

ಕ್ಷೀಣಂ ಉಂಡು ಸಿಸ್ಟರೇ. ನಲ್ಲ ಕ್ಷೀಣಂ.

ಬಚ್ಚಲ ಬಾಗಿಲಿನ ಒಳಬದಿಗೆ

(ಇವು ನಿನಗೆ ಮಾತ್ರ. ಬಂದವರಿಗೆ ಕಾಣುವುದು ಬೇಡ.)

ಇಲ್ಲಿ ಅಳಬಹುದು. ಸದ್ದು ಕೇಳಿಸಬಾರದು ಅಂತ ನಳ್ಳಿ ತಿರುಗಿಸಿಕೊಂಡು ಅಳಬೇಕೆಂದಿಲ್ಲ.

ಹೇಸಿಗೆ ಆಗುತ್ತದೆ. ತೊಳೆಯುತ್ತೇನೆ. ಮತ್ತೆ ಹೇಸಿಗೆ ಆಗುತ್ತದೆ.

ಅಮ್ಮನ ಮೇಲೆ ಕಿರುಚಿದೆ. ತಪ್ಪು. ಹೋಗಿ ಕೈ ಹಿಡಿದು "ತಪ್ಪಾಯ್ತಮ್ಮ" ಅಂದೆ. ಅಮ್ಮ ಮರೆತರು. ನಾನೂ ಇಡೀ ರಾತ್ರಿ ಅದನ್ನೇ ತಿಕ್ಕುತ್ತಾ ಕೂರುವುದಿಲ್ಲ.

ಕೈ ಎತ್ತಬೇಕು ಅನ್ನುವಷ್ಟು ಸಿಟ್ಟು ಬಂದರೆ ಮಂಚದ ಕಂಬಿ ಹಾಕಿ ಅಂಗಳಕ್ಕೆ ಇಳಿಯುತ್ತೇನೆ. ಉಸಿರು ಸರಿಯಾದ ಮೇಲೆ ಒಳಗೆ. ಆ ದಿನವೇ ಅಕ್ಕನಿಗೆ ಫೋನ್ ಮಾಡುತ್ತೇನೆ.

ಇದು ಮುಗಿದರೆ ಸಾಕು ಅಂದುಕೊಂಡೆ. ಅಂದುಕೊಂಡದ್ದರಿಂದ ಅಮ್ಮನಿಗೆ ಏನೂ ಆಗಲಿಲ್ಲ. ಎದ್ದು ನೀರು ಬಿಸಿ ಮಾಡಿದೆ.

ಈ ಕೊನೆಯದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಮೊದಲು "ಸುಸ್ತು ಮುಗಿಯಲಿ ಅಂದದ್ದು, ಅಮ್ಮ ಅಲ್ಲ" ಅಂತ ಬರೆದಿದ್ದೆ. ಹರಿದು ಹಾಕಿದೆ. ಅದು ಚಂದಕ್ಕೆ ಹೇಳುವ ಮಾತು. ಅಪ್ಪನ ಕೊನೆಯ ಮಳೆಗಾಲದಲ್ಲಿ ನಾನು ಯಾವುದು ಮುಗಿಯಲಿ ಅಂತ ಬೇಡಿಕೊಳ್ಳುತ್ತಿದ್ದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದೇ ಹೊತ್ತಿಗೆ ಅಪ್ಪನ ಕಾಲು ತಣ್ಣಗಾದರೆ ಎದೆ ಹಾರುತ್ತಿತ್ತು, ಕಂಬಳಿ ಹೊದೆಸಲು ಓಡುತ್ತಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿನಗೂ ಹಾಗೆ ಅನ್ನಿಸಿದ್ದರೆ, ನಾವು ಇಬ್ಬರಿದ್ದೇವೆ.

ನಿನಗೇ ಸಾಯಬೇಕು ಅನ್ನಿಸಿದರೆ ಅದು ಬೇರೆ ವಿಷಯ. ಅದನ್ನು ಬಚ್ಚಲಲ್ಲಿ ಮುಚ್ಚಿಡಬಾರದು. ನನಗೆ ಹೇಳು, ಎಷ್ಟು ಹೊತ್ತಾದರೂ. ನಾನು ಎತ್ತದಿದ್ದರೆ 14416ಕ್ಕೆ ಮಾಡು, ಟೆಲಿ ಮಾನಸ್. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತಾರೆ. ನಂಬರನ್ನು ಬಾಗಿಲಿಗೆ ಪೆನ್ಸಿಲಿನಲ್ಲಿ ಬರೆದಿಡು.

ಗಡಿಯಾರದ ಕೆಳಗೆ

ರಾತ್ರಿ ಮೂರು ಗಂಟೆಗೆ ಬಂದ ಯೋಚನೆಯನ್ನು ಮೂರು ಗಂಟೆಗೇ ನಂಬುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಇನ್ನೊಮ್ಮೆ ನೋಡುತ್ತೇನೆ.

ಅಮ್ಮ ಮಲಗಿದರೆ ನಾನೂ ಮಲಗುತ್ತೇನೆ. ಪಾತ್ರೆ ಹಾಗೇ ಇರಲಿ.

ಬಟ್ಟೆ ಬದಲಿಸಿದೆ. ನೀರು ಕುಡಿಸಿದೆ. ಲೈಟ್ ಸಣ್ಣದು ಮಾಡಿದೆ. ಈ ಹೊತ್ತಿಗೆ ಇಷ್ಟೇ.

ಎದುರು ಬಾಗಿಲಿಗೆ

ಇದನ್ನು ಈಗಲೇ ಅಂಟಿಸಬೇಡ, ಗುರುವಾರ ಬೆಳಿಗ್ಗೆ ಅಂಟಿಸು. ಎಂಟು ಗಂಟೆಯ ಬಸ್ಸಿಗೆ ಬರುತ್ತೇನೆ, ಇನ್ನು ಮೇಲೆ ಎಲ್ಲ ಗುರುವಾರ. ಚಿಕ್ಕಮ್ಮನ ಗಂಜಿ, ಮಾತ್ರೆ, ಮಗ್ಗುಲು ಎಲ್ಲ ನನಗೆ ಬಿಡು. ಮೂರೂವರೆ ವರ್ಷ ಮಾಡಿದ ಕೈ, ಮರೆತಿಲ್ಲ. ನೀನು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಡು.

ಇವತ್ತು ಗುರುವಾರ. ಅಮ್ಮನ ಹತ್ತಿರ ಅಕ್ಕ ಇದ್ದಾರೆ. ನಾನು ಮಲಗಿದ್ದೇನೆ. ಎಬ್ಬಿಸಬೇಡಿ.