ಬ್ರೋಷರ್ ಪಠ್ಯ, ಎರಡನೇ ಕರಡು: ಗಾಳಿ ಸೋರಿಕೆ ತಪಾಸಣೆ ಸೇವೆ

ಕಾರ್ಖಾನೆಗಳ ಕಂಪ್ರೆಸರ್ ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಸರಿಪಡಿಸುವ ನಿಮ್ಮ ಸೇವೆಯ ಬ್ರೋಷರ್‌ನ ಆರು ಪುಟಗಳ ಪಠ್ಯವನ್ನೂ ತಿದ್ದಿ ಕೆಳಗೆ ಕೊಟ್ಟಿದ್ದೇವೆ. ಹಳೆಯ ಸಾಲು ಮೊದಲು, ಹೊಸದು ಆಮೇಲೆ. ಕಾರಣ ಹೇಳಬೇಕಾದ ಕಡೆ ಮಾತ್ರ ಟಿಪ್ಪಣಿ ಇದೆ. ಈ ಬ್ರೋಷರ್ ಓದುವವರು ಇಬ್ಬರು: ಕರೆಂಟ್ ಬಿಲ್ ನೋಡಿ ತಲೆಕೆಡಿಸಿಕೊಂಡ ಮಾಲೀಕರು, ಮತ್ತು ಅವರು ಅದನ್ನು ಕೈಗೆ ಕೊಟ್ಟು "ಇದು ನಿಜವಾ ನೋಡು" ಎಂದು ಕೇಳುವ ಮೇಂಟೆನೆನ್ಸ್ ಮುಖ್ಯಸ್ಥರು. ಹಳೆಯ ಪಠ್ಯ ಮೊದಲನೆಯವರನ್ನು ಬೆರಗುಗೊಳಿಸಲು ಹೋಗಿ ಎರಡನೆಯವರ ಕೈಯಲ್ಲಿ ಸಿಕ್ಕಿಬೀಳುತ್ತಿತ್ತು. ಹೊಸದನ್ನು ಎರಡನೆಯವರಿಗಾಗಿಯೇ ಬರೆದಿದ್ದೇವೆ. ಅವರು "ಸರಿಯಾಗಿದೆ" ಎಂದರೆ ಮಾಲೀಕರು ಒಪ್ಪುತ್ತಾರೆ.

ಪುಟ 1, ಮುಖಪುಟ

ಹಳೆಯದು: "ಸಂಕುಚಿತ ವಾಯು ನಿರ್ವಹಣಾ ಕ್ಷೇತ್ರದಲ್ಲಿ ಹೊಸ ಕ್ರಾಂತಿ! ವಿಶ್ವದರ್ಜೆಯ, ಸಮಗ್ರ, ಮೌಲ್ಯವರ್ಧಿತ ಇಂಧನ ದಕ್ಷತಾ ಪರಿಹಾರಗಳು."

ಹೊಸದು:

> ಯಂತ್ರಗಳೆಲ್ಲ ನಿಂತ ಮೇಲೂ ನಿಮ್ಮ ಕಂಪ್ರೆಸರ್ ಲೋಡ್ ಆಗುತ್ತಿದೆಯೇ?
> ಹಾಗಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ. ಎಲ್ಲಿ, ಎಷ್ಟು ಎಂದು ಅಳೆದು, ಟ್ಯಾಗ್ ಕಟ್ಟಿ, ಸರಿಪಡಿಸಿ, ಮತ್ತೆ ಅಳೆದು ತೋರಿಸುತ್ತೇವೆ.

"ಕಂಪ್ರೆಸರ್ ಓಡುತ್ತಿದೆಯೇ" ಎಂದಿದ್ದರೆ ಕಿವಿಗೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಕಂಪ್ರೆಸರ್ ಗಾಳಿ ತುಂಬುವಾಗ ಮಾತ್ರ ಲೋಡ್ ಆಗಿರುತ್ತದೆ; ತುಂಬುವುದು ನಿಂತು ಅನ್‌ಲೋಡ್ ಆದಾಗಲೂ ಮೋಟಾರ್ ಸ್ವಲ್ಪ ಹೊತ್ತು ಖಾಲಿ ತಿರುಗುತ್ತಲೇ ಇರುತ್ತದೆ. ಅದು ಸೋರಿಕೆಯ ಲಕ್ಷಣವಲ್ಲ. ಮುಖಪುಟದಲ್ಲೇ ಇಂಥ ತಪ್ಪು ಕಂಡರೆ ಮೇಂಟೆನೆನ್ಸ್‌ನವರು ಎರಡನೇ ಪುಟ ತಿರುಗಿಸುವುದಿಲ್ಲ.

ಪುಟ 2, ಸಮಸ್ಯೆ

ಹಳೆಯದು: "ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಉದ್ಯಮಗಳು ವಾಯು ಸೋರಿಕೆಯಿಂದ ಊಹಿಸಲಾಗದ ಪ್ರಮಾಣದ ನಷ್ಟ ಅನುಭವಿಸುತ್ತಿವೆ."

ಹೊಸದು:

> 3 ಮಿಲಿಮೀಟರ್ ತೂತು ತಿನ್ನುವ ಕರೆಂಟ್
> 7 ಬಾರ್ ಒತ್ತಡದ ಪೈಪ್‌ನಲ್ಲಿ 3 ಮಿ.ಮೀ. ಅಗಲದ ಒಂದು ತೂತಿನಿಂದ ಹೊರಹೋಗುವ ಗಾಳಿಯನ್ನು ತುಂಬಿಸಿಕೊಡಲು ಕಂಪ್ರೆಸರ್ ಸುಮಾರು 3 ಕಿಲೋವ್ಯಾಟ್ ಹೆಚ್ಚು ಎಳೆಯುತ್ತದೆ. ವರ್ಷಕ್ಕೆ 6,000 ಗಂಟೆ ಗಾಳಿ ಬಳಸುವ ಕಾರ್ಖಾನೆಯಲ್ಲಿ ಅದು 18,000 ಯೂನಿಟ್. ನಿಮ್ಮ ಯೂನಿಟ್ ದರದಿಂದ ಗುಣಿಸಿ ನೋಡಿ.
>
> ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಲೆ ಬೀಳುತ್ತದೆ. ಗಾಳಿ ಸೋರಿದರೆ ಏನೂ ಕಾಣುವುದಿಲ್ಲ. ಶಿಫ್ಟ್ ನಡೆಯುವಾಗ ಕೇಳಿಸುವುದೂ ಇಲ್ಲ. ಹೆಚ್ಚಾಗಿ ಸೋರುವ ಜಾಗಗಳು ಇವು: ಕ್ವಿಕ್ ಕಪ್ಲರ್, ಹೋಸ್ ಕ್ಲಿಪ್, ಥ್ರೆಡ್ ಜೋಡಣೆ, ಫಿಲ್ಟರ್–ರೆಗ್ಯುಲೇಟರ್ ಬಟ್ಟಲು, ಸಿಲಿಂಡರ್ ಸೀಲ್, ತೆರೆದೇ ಸಿಕ್ಕಿಕೊಂಡ ಆಟೋ ಡ್ರೇನ್, ಮತ್ತು ಬಳಕೆ ಬಿಟ್ಟರೂ ವಾಲ್ವ್ ಮುಚ್ಚದ ಹಳೆಯ ಯಂತ್ರದ ಲೈನ್.

"ಊಹಿಸಲಾಗದ" ಎಂಬ ಮಾತನ್ನು ತೆಗೆದೇ ಹಾಕಿದ್ದೇವೆ. ಊಹಿಸಲಾಗದ ನಷ್ಟಕ್ಕೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಲೆಕ್ಕ ಹಾಕಬಹುದಾದ ನಷ್ಟಕ್ಕೆ ಬಿಚ್ಚುತ್ತಾರೆ. ತೂತಿನ ಅಂಚು ಹೇಗಿದೆ, ಕಂಪ್ರೆಸರ್ ಎಷ್ಟು ಹಳೆಯದು ಎನ್ನುವುದರ ಮೇಲೆ 3 ಕಿಲೋವ್ಯಾಟ್ ಎಂಬುದು ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೇ "ಸುಮಾರು" ಇದೆ. ವಿನ್ಯಾಸ ಮಾಡುವಾಗ ಜಾಗ ಉಳಿಸಲೆಂದು ಆ ಪದವನ್ನು ಕತ್ತರಿಸಬೇಡಿ.

ಪುಟ 3, ಉಳಿತಾಯ

ಹಳೆಯದು: "ವಿದ್ಯುತ್ ವೆಚ್ಚದಲ್ಲಿ ಶೇ. 50ರವರೆಗೆ ಖಚಿತ ಉಳಿತಾಯ!"

ಇಡೀ ಬ್ರೋಷರ್‌ನಲ್ಲಿ ಅತಿ ದೊಡ್ಡ ತೊಂದರೆ ಇದ್ದದ್ದು ಈ ಒಂದು ಸಾಲಿನಲ್ಲಿ. "ವರೆಗೆ" ಮತ್ತು "ಖಚಿತ" ಒಟ್ಟಿಗೆ ಬಾಳುವುದಿಲ್ಲ: ಶೇ. 2 ಉಳಿದರೂ ಅದು 50ರ ಒಳಗೇ. "ವಿದ್ಯುತ್ ವೆಚ್ಚ" ಎಂದರೆ ಇಡೀ ಕಾರ್ಖಾನೆಯ ಬಿಲ್ಲೋ, ಕಂಪ್ರೆಸರ್‌ನ ಪಾಲೋ ಎಂಬುದೂ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯ, ಲೆಕ್ಕವೇ ಹಾಗೆ ಬರುವುದಿಲ್ಲ. ಲೋಡ್–ಅನ್‌ಲೋಡ್ ಮಾದರಿಯ ಕಂಪ್ರೆಸರ್ ಖಾಲಿ ತಿರುಗುವಾಗಲೂ ಪೂರ್ಣ ಲೋಡ್‌ನ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯುತ್ ಎಳೆಯುವುದು ಸಾಮಾನ್ಯ. ಸೋರಿಕೆ ಅರ್ಧಕ್ಕಿಳಿದರೂ ಬಿಲ್ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದ ಶೇಕಡಾವಾರಿನ ಘೋಷಣೆಯನ್ನು ಬಿಟ್ಟು, ಓದುಗರು ತಾವೇ ಪರೀಕ್ಷಿಸಬಹುದಾದ ಲೆಕ್ಕವೊಂದನ್ನು ಇಟ್ಟಿದ್ದೇವೆ.

ಹೊಸದು:

> ಎಷ್ಟು ಉಳಿಯುತ್ತದೆ? ಲೆಕ್ಕದ ಒಂದು ಉದಾಹರಣೆ
> ಕಂಪ್ರೆಸರ್: ಲೋಡ್ ಆದಾಗ 37 ಕಿಲೋವ್ಯಾಟ್, ಖಾಲಿ ತಿರುಗುವಾಗ 11 ಕಿಲೋವ್ಯಾಟ್. ವರ್ಷಕ್ಕೆ 6,000 ಗಂಟೆ ಕೆಲಸ.
>
> ಮೊದಲು: ಸೋರಿಕೆ ಕಂಪ್ರೆಸರ್ ಸಾಮರ್ಥ್ಯದ ಶೇ. 25. ದುಡಿಯುವ ಸಮಯದ ಶೇ. 80ರಷ್ಟು ಹೊತ್ತು ಲೋಡ್. ವರ್ಷದ ಬಳಕೆ 1,90,800 ಯೂನಿಟ್.
>
> ಆಮೇಲೆ: ಸೋರಿಕೆ ಶೇ. 10ಕ್ಕೆ ಇಳಿದರೆ ಲೋಡ್ ಸಮಯ ಶೇ. 65. ವರ್ಷದ ಬಳಕೆ 1,67,400 ಯೂನಿಟ್.
>
> ಉಳಿತಾಯ: ವರ್ಷಕ್ಕೆ 23,400 ಯೂನಿಟ್, ಅಂದರೆ ಕಂಪ್ರೆಸರ್ ಬಳಕೆಯ ಸುಮಾರು ಶೇ. 12.
>
> ನಿಮ್ಮ ಕಾರ್ಖಾನೆಯ ಅಂಕಿ ಬೇರೆ ಇರುತ್ತದೆ. ಅದನ್ನು ಅಳೆಯದೆ ನಾವು ಯಾವ ಸಂಖ್ಯೆಯನ್ನೂ ಬರೆದುಕೊಡುವುದಿಲ್ಲ.
>
> ಸೋರಿಕೆ ನಿಂತರೆ ದೂರದ ಯಂತ್ರಗಳಿಗೂ ಒತ್ತಡ ಸರಿಯಾಗಿ ತಲುಪುತ್ತದೆ. "ಒತ್ತಡ ಸಾಲುತ್ತಿಲ್ಲ" ಎಂದು ಹಿಂದೆಂದೋ ಏರಿಸಿಟ್ಟ ಸೆಟ್ಟಿಂಗನ್ನು ಆಗ ಇಳಿಸಬಹುದು. 7 ಬಾರ್ ಆಸುಪಾಸಿನಲ್ಲಿ ಪ್ರತಿ 1 ಬಾರ್ ಇಳಿಕೆಗೆ ಕಂಪ್ರೆಸರ್ ಎಳೆಯುವ ವಿದ್ಯುತ್ ಸುಮಾರು ಶೇ. 7 ಕಡಿಮೆಯಾಗುತ್ತದೆ. ಯಾವ ಯಂತ್ರಕ್ಕೆ ಕನಿಷ್ಠ ಎಷ್ಟು ಒತ್ತಡ ಬೇಕೆಂದು ನೋಡಿಯೇ ಇಳಿಸುತ್ತೇವೆ.

50ರ ಜಾಗದಲ್ಲಿ 12 ಕಂಡು ನಿಮ್ಮ ಮಾರಾಟ ವಿಭಾಗ ಗೊಣಗಬಹುದು. 50 ಎಂದಾಗ ಗ್ರಾಹಕರು "ಎಲ್ಲರೂ ಹೀಗೇ ಹೇಳ್ತಾರೆ" ಎಂದು ಪುಟ ಮಡಚುತ್ತಾರೆ; 23,400 ಯೂನಿಟ್ ಎಂದಾಗ ಕ್ಯಾಲ್ಕುಲೇಟರ್ ಎತ್ತಿಕೊಳ್ಳುತ್ತಾರೆ. ಇದು ಲೆಕ್ಕದ ಉದಾಹರಣೆಯೇ ಹೊರತು ಯಾವುದೋ ಗ್ರಾಹಕರ ಫಲಿತಾಂಶವಲ್ಲ. ತಲೆಬರಹದಲ್ಲಿರುವ "ಉದಾಹರಣೆ" ಮುದ್ರಣದಲ್ಲೂ ಅಷ್ಟೇ ದಪ್ಪ ಅಕ್ಷರದಲ್ಲಿರಲಿ.

ಪುಟ 4, ಕೆಲಸ ನಡೆಯುವ ರೀತಿ

ಹಳೆಯದು: "ನಮ್ಮ ಪರಿಣತ ತಂಡ ಅತ್ಯಾಧುನಿಕ ತಂತ್ರಜ್ಞಾನದ ನೆರವಿನಿಂದ 360 ಡಿಗ್ರಿ ವಿಶ್ಲೇಷಣೆ ನಡೆಸಿ ಕಾರ್ಯಸಾಧ್ಯ ಒಳನೋಟಗಳನ್ನು ನೀಡುತ್ತದೆ."

ಹೊಸದು:

> ಇಬ್ಬರು ತಂತ್ರಜ್ಞರು, ನಾಲ್ಕು ಹಂತ
>
> ಅಳತೆ. ಉತ್ಪಾದನೆ ಇಲ್ಲದ ಒಂದು ಗಂಟೆ ನಮಗೆ ಬೇಕು. ಯಂತ್ರಗಳನ್ನು ನಿಲ್ಲಿಸಿ, ಲೈನ್ ವಾಲ್ವ್‌ಗಳನ್ನು ತೆರೆದಿಟ್ಟು, ಕಂಪ್ರೆಸರ್ ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್ ಆಗುತ್ತದೆ ಎಂದು ದಾಖಲಿಸುತ್ತೇವೆ.
>
> ಹುಡುಕಾಟ. ಇದಕ್ಕೆ ಕೆಲಸ ನಿಲ್ಲಿಸಬೇಕಿಲ್ಲ. ಸೋರುವ ಗಾಳಿ ನಮ್ಮ ಕಿವಿಗೆ ಕೇಳದ, 40 ಕಿಲೋಹರ್ಟ್ಜ್ ಸುತ್ತಮುತ್ತಲಿನ ಸದ್ದನ್ನೂ ಮಾಡುತ್ತದೆ. ಅಲ್ಟ್ರಾಸೋನಿಕ್ ಉಪಕರಣ ಯಂತ್ರಗಳ ಗದ್ದಲದ ನಡುವೆಯೂ ಅದನ್ನು ಹಿಡಿಯುತ್ತದೆ. ಸಿಕ್ಕ ಪ್ರತಿ ಜಾಗಕ್ಕೂ ಸಂಖ್ಯೆ ಬರೆದ ಟ್ಯಾಗ್ ಕಟ್ಟಿ, ಫೋಟೋ ತೆಗೆದು ಪಟ್ಟಿ ಮಾಡುತ್ತೇವೆ.
>
> ರಿಪೇರಿ. ಬಿಗಿ ಮಾಡುವುದು, ಥ್ರೆಡ್ ಟೇಪ್ ಬದಲಿಸುವುದು, ಕಪ್ಲರ್, ಹೋಸ್, ವಾಷರ್ ಹಾಕುವುದು ನಮ್ಮ ಕೆಲಸ. ಒತ್ತಡ ಬಿಡದೆ ಯಾವ ಜೋಡಣೆಯನ್ನೂ ಬಿಚ್ಚುವುದಿಲ್ಲ. ಹಾಗಾಗಿ ಆಯಾ ಲೈನ್ ಎಷ್ಟು ಹೊತ್ತು ನಿಲ್ಲಬೇಕು ಎಂದು ಮೊದಲೇ ತಿಳಿಸುತ್ತೇವೆ. ಸಿಲಿಂಡರ್ ಸೀಲ್‌ಗೆ ಯಂತ್ರ ಬಿಚ್ಚಬೇಕಾದರೆ ಅದನ್ನು ನಿಮ್ಮ ಮುಂದಿನ ಮೇಂಟೆನೆನ್ಸ್ ದಿನಕ್ಕೆ ಬರೆದಿಡುತ್ತೇವೆ.
>
> ಮರು ಅಳತೆ. ಮೊದಲು ಅಳೆದ ರೀತಿಯಲ್ಲೇ, ಅದೇ ಒತ್ತಡದಲ್ಲಿ ಮತ್ತೆ ಅಳೆಯುತ್ತೇವೆ. ಎರಡೂ ಅಳತೆಯ ಹಾಳೆ ನಿಮ್ಮ ಕೈಗೆ.
>
> ನಾವು ಮಾಡದ ಕೆಲಸ: ಕಂಪ್ರೆಸರ್ ಮಾರುವುದಿಲ್ಲ, ಕಂಪ್ರೆಸರ್ ಬಿಚ್ಚಿ ರಿಪೇರಿ ಮಾಡುವುದಿಲ್ಲ.

ಕೊನೆಯ ಸಾಲು ಹಳೆಯದರಲ್ಲಿ ಇರಲೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಈ ಪುಟದ ಬಲವಾದ ಮಾರಾಟದ ಮಾತು ಅದೇ. ತಪಾಸಣೆಗೆ ಬಂದವರು ಹೊಸ ಕಂಪ್ರೆಸರ್ ತಲೆಗೆ ಕಟ್ಟಿ ಹೋಗುತ್ತಾರೆ ಎಂಬ ಅನುಮಾನ ಗ್ರಾಹಕರಲ್ಲಿ ಇದ್ದೇ ಇರುತ್ತದೆ.

ಪುಟ 5, ನಮ್ಮ ಬಗ್ಗೆ

ಹಳೆಯದು: "ಸಾವಿರಾರು ತೃಪ್ತ ಗ್ರಾಹಕರ ನಂಬಿಕೆಗೆ ಪಾತ್ರವಾದ, ಗುಣಮಟ್ಟಕ್ಕೆ ಬದ್ಧವಾದ ಮುಂಚೂಣಿ ಸಂಸ್ಥೆ."

ಹೊಸದು:

> ಈವರೆಗೆ 64 ಕಾರ್ಖಾನೆಗಳಲ್ಲಿ ಸೋರಿಕೆ ತಪಾಸಣೆ ಮಾಡಿದ್ದೇವೆ. 23 ಕಾರ್ಖಾನೆಗಳು ನಮ್ಮನ್ನು ಎರಡನೇ ಸಲ ಕರೆಸಿವೆ. ಸೋರಿಕೆ ಒಮ್ಮೆ ಸರಿಮಾಡಿದರೆ ಶಾಶ್ವತವಾಗಿ ಹೋಗುವಂಥದ್ದಲ್ಲ: ಅದುರುವ ಜೋಡಣೆ ಸಡಿಲಾಗುತ್ತದೆ, ಹೋಸ್ ಸವೆಯುತ್ತದೆ. ಆದ್ದರಿಂದ ಮೊದಲ ಭೇಟಿಯ ಬೆಲೆಯಲ್ಲೇ ಆರು ತಿಂಗಳ ನಂತರದ ಒಂದು ಮರುತಪಾಸಣೆಯೂ ಸೇರಿದೆ.

64 ಮತ್ತು 23 ನೀವು ಕಳಿಸಿದ ಕೆಲಸದ ಪಟ್ಟಿಯಿಂದ ಎಣಿಸಿದ್ದು. ಅದರಲ್ಲಿ ಒಂದೇ ಮಾಲೀಕರ ಎರಡು ಘಟಕಗಳನ್ನು ಬೇರೆಬೇರೆಯಾಗಿ ಎಣಿಸಿದ್ದೇವೆ. ಅದಕ್ಕೇ "ಗ್ರಾಹಕರು" ಎನ್ನದೆ "ಕಾರ್ಖಾನೆಗಳು" ಎಂದಿದೆ. ಸಾವಿರ ಎಂದು ಬರೆದು, ಹೆಸರು ಕೇಳಿದಾಗ ಐದು ಕೊಡುವುದಕ್ಕಿಂತ ಇದು ವಾಸಿ.

ಪುಟ 6, ಹಿಂಬದಿ

ಹಳೆಯದು: "ಇಂದೇ ಸಂಪರ್ಕಿಸಿ, ಯಶಸ್ಸಿನ ಪಯಣದಲ್ಲಿ ನಮ್ಮೊಂದಿಗೆ ಹೆಜ್ಜೆ ಹಾಕಿ!"

ಹೊಸದು:

> ನಮಗೆ ಫೋನ್ ಮಾಡುವ ಮೊದಲು, ನೀವೇ ಅಳೆಯಿರಿ
> ರಜೆಯ ದಿನ ಗಾಳಿ ಬಳಸುವ ಎಲ್ಲವನ್ನೂ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಚಾಲೂ ಇಡಿ. ಲೋಡ್ ಆದ ನಿಮಿಷ, ಅನ್‌ಲೋಡ್ ಆದ ನಿಮಿಷ ಬರೆದುಕೊಳ್ಳಿ. ಕನಿಷ್ಠ ಐದು ಸುತ್ತು ಬರೆದು ಎರಡನ್ನೂ ಬೇರೆಬೇರೆಯಾಗಿ ಕೂಡಿಸಿ.
>
> ಸೋರಿಕೆ (ಶೇ.) = ಲೋಡ್ ಸಮಯ ÷ (ಲೋಡ್ + ಅನ್‌ಲೋಡ್ ಸಮಯ) × 100
>
> ಒಟ್ಟು 10 ನಿಮಿಷ ಲೋಡ್, 30 ನಿಮಿಷ ಅನ್‌ಲೋಡ್ ಬಂದರೆ ಸೋರಿಕೆ ಶೇ. 25. ಉತ್ತರ 10ಕ್ಕಿಂತ ಕಡಿಮೆ ಇದ್ದರೆ ಸದ್ಯ ನಮ್ಮ ಅಗತ್ಯವಿಲ್ಲ. ನಿಮ್ಮ ಮೇಂಟೆನೆನ್ಸ್ ತಂಡ ಚೆನ್ನಾಗಿ ನೋಡಿಕೊಳ್ಳುತ್ತಿದೆ. ಹೆಚ್ಚಿದ್ದರೆ ಆ ಸಂಖ್ಯೆಯನ್ನೂ ಕಂಪ್ರೆಸರ್ ಪ್ಲೇಟ್‌ನ ಫೋಟೋವನ್ನೂ ಕಳಿಸಿ. ಎರಡು ಕೆಲಸದ ದಿನಗಳೊಳಗೆ ಅಂದಾಜು ಕೊಡುತ್ತೇವೆ.
>
> ವೇಗ ಬದಲಿಸುವ ಡ್ರೈವ್ ಇರುವ ಕಂಪ್ರೆಸರ್‌ಗೆ ಈ ಸೂತ್ರ ಹೊಂದುವುದಿಲ್ಲ. ಅಂಥದ್ದಿದ್ದರೆ ನೇರವಾಗಿ ಕರೆ ಮಾಡಿ.

ಸಂಪರ್ಕ ವಿವರ ಹಳೆಯ ಬ್ರೋಷರ್‌ನಲ್ಲಿ ಇದ್ದಂತೆಯೇ ಇರಲಿ. "ಅಗತ್ಯವಿಲ್ಲ" ಎಂಬ ಸಾಲನ್ನು ತೆಗೆಯೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಮಗೊಂದು ಮಾತು ತಿಳಿಸಿ; ಅದು ಹೋದರೆ ಪರೀಕ್ಷೆ ಗಾಳ ಹಾಕಿದಂತೆ ಕಾಣುತ್ತದೆ.

ಮುದ್ರಣಕ್ಕೆ ಹೋಗುವ ಮೊದಲು ನಿಮ್ಮಿಂದ ಎರಡು ಖಾತರಿ ಬೇಕು. ಆರು ತಿಂಗಳ ಮರುತಪಾಸಣೆ ಎಲ್ಲ ಗ್ರಾಹಕರಿಗೂ ಇದೆಯೋ, ದೊಡ್ಡ ಕೆಲಸಗಳಿಗೆ ಮಾತ್ರವೋ? ಎರಡು ದಿನದ ಅಂದಾಜನ್ನು ನಿಮ್ಮ ಕಚೇರಿ ತಿಂಗಳ ಕೊನೆಯಲ್ಲೂ ಕೊಡಬಲ್ಲದೋ? ಆಗದಿದ್ದರೆ "ನಾಲ್ಕು ದಿನ" ಎಂದೇ ಹಾಕೋಣ.